ಅಧ್ಯಕ್ಷರ ಹತ್ತು ನಿಮಿಷ: ತಾರಸಿ ಸೋರಿದ ವರ್ಷದ ಲೆಕ್ಕ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಭಾನುವಾರಗಳು ವಾರ್ಷಿಕ ಮಹಾಸಭೆಗಳ ಕಾಲ. ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿದು, ಆಡಿಟರ್ ಸಹಿ ಬೀಳುವ ಹೊತ್ತಿಗೆ ಮಳೆಗಾಲ ಬಂದಿರುತ್ತದೆ. ಹತ್ತೂವರೆಗೆ ಎಂದು ನೋಟಿಸ್ ಹಾಕಿದ ಸಭೆಗೆ ಹತ್ತೂವರೆಗೆ ಬರುವವರು ಸಮಿತಿಯವರು ಮತ್ತು ಇಬ್ಬರು ನಿವೃತ್ತರು. ಕೋರಂ ಇಲ್ಲವೆಂದು ಮುಂದೂಡಿ, ಬೈಲಾದಲ್ಲಿ ಅವಕಾಶವಿದ್ದರೆ ಅರ್ಧ ಗಂಟೆ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಶುರು ಮಾಡುತ್ತಾರೆ. ಅಷ್ಟರಲ್ಲಿ ಕಾಫಿ ಆಗಿರುತ್ತದೆ, ಲಿಫ್ಟ್ ಬಳಿ ಒಂದು ಸುತ್ತು ಜಗಳವೂ ಆಗಿರುತ್ತದೆ. ಆಮೇಲೆ ಅಧ್ಯಕ್ಷರು ಮೈಕ್ ಹಿಡಿಯುತ್ತಾರೆ.

ಆ ಹತ್ತು ನಿಮಿಷ ಬಹುತೇಕ ಕಡೆ ವ್ಯರ್ಥವಾಗುತ್ತದೆ. ಗಣೇಶೋತ್ಸವ ಚೆನ್ನಾಗಿ ನಡೆಯಿತು, ರಾಜ್ಯೋತ್ಸವಕ್ಕೆ ಮಕ್ಕಳು ಚೆನ್ನಾಗಿ ಕುಣಿದರು, ಸೆಕ್ಯೂರಿಟಿಯವರಿಗೆ ಧನ್ಯವಾದ, ಸಹಕರಿಸಿದ ಸರ್ವರಿಗೂ ಧನ್ಯವಾದ. ಅದಾದ ಮೇಲೆ ಖಜಾಂಚಿ ಎದ್ದು ನಿಂತು ಪರದೆಯ ಮೇಲೆ ಎಕ್ಸೆಲ್ ಹಾಕುತ್ತಾರೆ. ನಲವತ್ತು ಸಾಲಿನ ಆ ಪಟ್ಟಿಯಲ್ಲಿ ಯಾರಿಗೋ ‘ಇತರೆ ಖರ್ಚು: 18,400’ ಎಂಬುದು ಕಣ್ಣಿಗೆ ಬೀಳುತ್ತದೆ. ಮುಂದಿನ ಒಂದು ಗಂಟೆ ಆ 18,400ರ ಮೇಲೆ ಕಳೆಯುತ್ತದೆ. ವರ್ಷದಲ್ಲಿ ಒಂಬತ್ತೂವರೆ ಲಕ್ಷ ನುಂಗಿದ ತಾರಸಿ ಕೆಲಸದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ, ಏಕೆಂದರೆ ಅದನ್ನು ಅರ್ಥವಾಗುವಂತೆ ಯಾರೂ ಹೇಳಿರುವುದೇ ಇಲ್ಲ.

ಹೇಳಬೇಕಾದವರು ಅಧ್ಯಕ್ಷರೇ. ಕಳೆದ ಸಭೆಯ ನಡವಳಿಯನ್ನು ಓದುವುದು ಕಾರ್ಯದರ್ಶಿಯ ಕೆಲಸ, ಆಡಿಟ್ ಆದ ಲೆಕ್ಕಪತ್ರ ಮಂಡಿಸುವುದು ಖಜಾಂಚಿಯ ಕೆಲಸ. ಅಧ್ಯಕ್ಷರು ಸ್ವಾಗತ ಭಾಷಣದಲ್ಲಿ ಹೇಳಬೇಕಾದದ್ದು ವರ್ಷದ ದೊಡ್ಡ ಖರ್ಚು ಯಾಕೆ ಬಂತು, ಹೇಗೆ ಮಾಡಿದೆವು, ಅದಾದ ಮೇಲೆ ನಮ್ಮ ಕೈಯಲ್ಲಿ ನಿಜವಾಗಿ ಎಷ್ಟು ಉಳಿದಿದೆ ಎಂಬುದನ್ನು. ಒಂದು ಉದಾಹರಣೆ ಇಟ್ಟುಕೊಂಡೇ ಇದನ್ನು ನೋಡೋಣ. ಅಂಕಿಗಳು ನಾನು ಲೆಕ್ಕಕ್ಕೆ ಅನುಕೂಲವಾಗಲೆಂದು ಇಟ್ಟುಕೊಂಡವು, ಆದರೆ ಊರಿನ ಮಧ್ಯಮ ಗಾತ್ರದ ಯಾವ ಕಟ್ಟಡದವರಿಗೂ ಅಪರಿಚಿತ ಅನ್ನಿಸಲಾರವು. ಎಂಟು ಮಹಡಿ, ಅರವತ್ತು ಮನೆ. ಸರಾಸರಿ 1,200 ಚದರ ಅಡಿ. ಮೇಂಟೆನೆನ್ಸ್ ಚದರ ಅಡಿಗೆ 4 ರೂಪಾಯಿ, ಅಂದರೆ ಮನೆಗೆ ತಿಂಗಳಿಗೆ 4,800. ವರ್ಷಕ್ಕೆ ಬಿಲ್ ಮಾಡುವ ಮೊತ್ತ 34,56,000. ಕಟ್ಟಡಕ್ಕೆ ಹದಿಮೂರು ವರ್ಷ, ತಾರಸಿ ಸುಮಾರು 9,000 ಚದರ ಅಡಿ.

ಸೋರಿಕೆಯ ಮಾತು ಎತ್ತುವ ಮುನ್ನ ಕಟ್ಟಡದ ವಯಸ್ಸು ಹೇಳುವುದು ಸುಮ್ಮನೆ ಅಲ್ಲ. 2016ರ ರೇರಾ ಕಾಯ್ದೆಯ ಪ್ರಕಾರ ಮನೆ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಾಗಲೀ ಕೆಲಸದ ಗುಣಮಟ್ಟದಲ್ಲಾಗಲೀ ದೋಷ ಕಂಡು, ಅದನ್ನು ಬಿಲ್ಡರ್‌ಗೆ ತಿಳಿಸಿದರೆ ಮೂವತ್ತು ದಿನದೊಳಗೆ ಹಣ ಕೇಳದೆ ಅವರೇ ಸರಿಪಡಿಸಿಕೊಡಬೇಕು. ಹೊಸ ಕಟ್ಟಡಗಳ ಸಂಘಗಳು ಈ ಗಡುವನ್ನು ಮರೆತು ಸದಸ್ಯರ ದುಡ್ಡಿನಲ್ಲೇ ತಾರಸಿ ರಿಪೇರಿ ಮಾಡಿಸಿಬಿಡುವುದುಂಟು. ನಮ್ಮ ಉದಾಹರಣೆಯ ಕಟ್ಟಡಕ್ಕೆ ಆ ದಾರಿ ಇಲ್ಲ. ಹಾಗೆಂದು ಅಧ್ಯಕ್ಷರು ಒಂದೇ ವಾಕ್ಯದಲ್ಲಿ ಹೇಳಿಬಿಟ್ಟರೆ ‘ಬಿಲ್ಡರ್‌ನ ಕೇಳಬಹುದಿತ್ತಲ್ವಾ?’ ಎಂಬ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ.

ಇನ್ನೊಂದು ಪ್ರಶ್ನೆ ನೆಲಮಹಡಿಯಿಂದ ಬರುತ್ತದೆ. ‘ಸೋರುತ್ತಿರುವುದು ಎಂಟನೇ ಮಹಡಿ, ನಾನ್ಯಾಕೆ ಕೊಡಬೇಕು?’ ಕೇಳುವವರ ದನಿಯಲ್ಲಿ ನ್ಯಾಯ ಇರುವಂತೆ ಕೇಳಿಸುತ್ತದೆ, ಅದಕ್ಕೇ ಸಭೆಯಲ್ಲಿ ನಾಲ್ಕು ತಲೆಗಳು ಆಡುತ್ತವೆ. ಆದರೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಅಡಿಪಾಯ, ಕಂಬ, ತೊಲೆ, ಮೆಟ್ಟಿಲುಗಳ ಜೊತೆಗೆ ಛಾವಣಿಯನ್ನೂ ಸಾಮಾನ್ಯ ಪ್ರದೇಶವೆಂದು ಹೆಸರಿಸುತ್ತದೆ. ಸಾಮಾನ್ಯ ಪ್ರದೇಶವನ್ನು ನಾನು ಬಳಸುವುದಿಲ್ಲ ಎಂದು ಹೇಳಿ ಪಾಲಿನ ಖರ್ಚಿನಿಂದ ತಪ್ಪಿಸಿಕೊಳ್ಳಲು ಅದೇ ಕಾಯ್ದೆ ಬಿಡುವುದಿಲ್ಲ. ಲಿಫ್ಟ್ ಹತ್ತದ ನೆಲಮಹಡಿಯವರಿಗೂ, ತಳದ ಸಂಪು ನೋಡದ ಮೇಲ್ಮಹಡಿಯವರಿಗೂ ಒಂದೇ ಮಾತು.

ಈಗ ಕೆಲಸಕ್ಕೆ ಬರೋಣ. ತಾರಸಿ ಸೋರುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅರ್ಧ ಸಲ ಸೋರುವುದು ತಾರಸಿಯಲ್ಲ. ಜನವರಿಯಲ್ಲಿ, ಎರಡು ತಿಂಗಳು ಹನಿ ಮಳೆ ಇಲ್ಲದಾಗಲೂ ಸೀಲಿಂಗ್ ಒದ್ದೆಯಿದ್ದರೆ ಅದು ಓವರ್‌ಹೆಡ್ ಟ್ಯಾಂಕಿನದೋ ಪೈಪಿನದೋ ನೀರು. ಮಳೆ ಬಿದ್ದ ಮೂರ್ನಾಲ್ಕು ಗಂಟೆಯಲ್ಲೇ ಗೋಡೆ–ಸೀಲಿಂಗ್ ಸೇರುವ ಮೂಲೆಯಲ್ಲಿ ಕಲೆ ಮೂಡಿದರೆ ಪಾರಪೆಟ್ ಗೋಡೆಯ ಬುಡದ ಸಂದು ಬಿಟ್ಟಿದೆ. ಮಳೆ ನಿಂತು ಎರಡು ದಿನವಾದ ಮೇಲೆ ಕೋಣೆಯ ನಡುವೆ ಒಸರಿದರೆ ಮೇಲೆ ನೀರು ನಿಲ್ಲುತ್ತಿದೆ, ವಾಟ ಸರಿಯಿಲ್ಲ. ಬೆಂಗಳೂರಿನ ತಾರಸಿಗಳಿಗೆ ಇನ್ನೊಂದು ಸ್ವಂತದ ರೋಗವಿದೆ: ಸೋಲಾರ್ ವಾಟರ್ ಹೀಟರಿನ ಸ್ಟ್ಯಾಂಡ್. ನಾಲ್ಕು ಕಾಲಿಗೆ ನಾಲ್ಕು ತೂತು ಕೊರೆದು ಬೋಲ್ಟ್ ಬಿಗಿದು ಹೋಗಿರುತ್ತಾರೆ. ಪ್ರತಿ ಬೋಲ್ಟ್‌ನ ಸುತ್ತಲೂ ಕೂದಲೆಳೆಯ ಬಿರುಕು. ಅರವತ್ತು ಮನೆಯಲ್ಲಿ ಇಪ್ಪತ್ತು ಹೀಟರ್ ಇದ್ದರೂ ಎಂಬತ್ತು ತೂತು.

ಇದನ್ನು ಪತ್ತೆ ಹಚ್ಚಲು ಯಂತ್ರವೇನೂ ಬೇಡ. ಮಳೆನೀರಿನ ಪೈಪಿನ ಬಾಯಿ ಮುಚ್ಚಿ, ತಾರಸಿಯನ್ನು ಭಾಗ ಮಾಡಿ, ಗಾರೆಯಿಂದ ಸಣ್ಣ ಬದು ಕಟ್ಟಿ, ಒಂದೆರಡು ಅಂಗುಲ ನೀರು ನಿಲ್ಲಿಸಿ ನಲವತ್ತೆಂಟು ಗಂಟೆ ಕಾಯುವುದು. ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ಒದ್ದೆ ಎಲ್ಲಿ ಕಾಣಿಸಿತೋ ಅಲ್ಲಿ ಚಾಕ್‌ಪೀಸಿನಲ್ಲಿ ಸುತ್ತು ಹಾಕಿ, ತಾರೀಖು ಬರೆದು, ಫೋಟೊ ತೆಗೆದಿಡುವುದು. ಜೊತೆಗೆ ಗಾರೆ ಮೇಸ್ತ್ರಿ ತಾರಸಿಯ ಮೇಲೆ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗುತ್ತಾರೆ. ಗಟ್ಟಿ ಇರುವಲ್ಲಿ ಒಂದು ಸದ್ದು, ಪೊಳ್ಳಾದಲ್ಲಿ ಇನ್ನೊಂದು. ಮೂವತ್ತು ವರ್ಷ ಕೈ ಪಳಗಿದ ಮೇಸ್ತ್ರಿಗೆ ಆ ಸದ್ದೇ ವರದಿ. ಅಧ್ಯಕ್ಷರು ಸಭೆಯಲ್ಲಿ ಈ ಫೋಟೊಗಳಲ್ಲಿ ಎರಡನ್ನು ತೋರಿಸಿದರೆ ಸಾಕು, ಇಪ್ಪತ್ತು ನಿಮಿಷದ ವಾದ ಉಳಿಯುತ್ತದೆ.

ಆಮೇಲೆ ಕೊಟೇಶನ್. ಮೂರು ಕೊಟೇಶನ್ ತರಿಸಿದೆವು, ಕಡಿಮೆಯದಕ್ಕೆ ಕೊಟ್ಟೆವು ಎಂದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕಡಿಮೆಯದಕ್ಕೆ ಕೊಡಲಿಲ್ಲ ಎಂದರೆ ಹುಬ್ಬೇರಿಸುತ್ತಾರೆ. ಇಲ್ಲಿ ಭಾಷಣ ಸ್ವಲ್ಪ ಹೊತ್ತು ನಿಲ್ಲಬೇಕು. ನಮ್ಮ ಉದಾಹರಣೆಯಲ್ಲಿ ಚದರ ಅಡಿಗೆ 55, 90, 140 ಎಂದು ಮೂರು ದರ ಬಂದವು ಎಂದಿಟ್ಟುಕೊಳ್ಳಿ. ಮೂರೂ ಒಂದೇ ಕೆಲಸದ ದರ ಅಲ್ಲ. 55ರವರು ಹಳೆಯ ಮೈ ತೊಳೆದು ಅದರ ಮೇಲೇ ಎರಡು ಕೋಟ್ ಬಳಿದು ಹೋಗುತ್ತಾರೆ. 140ರವರು ಸ್ಲ್ಯಾಬ್ ಕಾಣುವವರೆಗೆ ಹಳೆಯ ಇಟ್ಟಿಗೆ ಚೂರಿನ ಗಾರೆಯನ್ನೆಲ್ಲ ಕಿತ್ತು ಹೊಸದಾಗಿ ಹಾಕುತ್ತಾರೆ. ಎಂಟನೇ ಮಹಡಿಯಿಂದ ಲಾರಿಗಟ್ಟಲೆ ಮಣ್ಣು ಇಳಿಸಬೇಕು, ಒಂದೂವರೆ ತಿಂಗಳು ತಾರಸಿಗೆ ಹೋಗುವಂತಿಲ್ಲ. 90ರವರು ಪೊಳ್ಳಾದ ಕಡೆ ಮಾತ್ರ ಕಿತ್ತು, ಬಿರುಕನ್ನು ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಿ, ಪಾರಪೆಟ್ ಬುಡದಲ್ಲಿ ದುಂಡಗೆ ಗೋಲ ಕಟ್ಟಿ, ನೀರು ನಿಲ್ಲುವಲ್ಲಿ ವಾಟ ಕೊಟ್ಟು, ಮೆಶ್ ಹಾಸಿ ಅದರ ಮೇಲೆ ಎರಡು ಕೋಟ್ ಕೊಡುತ್ತಾರೆ. ವಾಟ ಅಂದರೆ ಪೈಪಿನ ಬಾಯಿಯ ಕಡೆಗೆ ಇಳಿಜಾರು, ಹತ್ತು ಅಡಿಗೆ ಒಂದು ಅಂಗುಲಕ್ಕಿಂತ ತುಸು ಹೆಚ್ಚು. ಸಮಿತಿ ನಡುವಿನದನ್ನು ಆರಿಸಿದ್ದು ತಟ್ಟಿ ನೋಡಿದಾಗ ಪೊಳ್ಳು ಅಲ್ಲಲ್ಲಿ ಮಾತ್ರ ಇದ್ದದ್ದರಿಂದ. ತಾರಸಿ ಪೂರ್ತಿ ಪೊಳ್ಳಾಗಿದ್ದರೆ 140ರ ಕೆಲಸವೇ ಅಗ್ಗವಾಗುತ್ತಿತ್ತು. ಈ ಕಾರಣ ಹೇಳದೆ ಮೂರು ಅಂಕಿಗಳನ್ನಷ್ಟೇ ಪರದೆಯ ಮೇಲೆ ಹಾಕಿದರೆ ಸಮಿತಿಯ ಮೇಲೆ ಅನುಮಾನ ಹುಟ್ಟುವುದು ಸಹಜ. ಅನುಮಾನಪಟ್ಟವರನ್ನು ದೂರಿ ಫಲವಿಲ್ಲ.

9,000 ಚದರ ಅಡಿಗೆ 90ರಂತೆ 8,10,000. ಅದರ ಮೇಲೆ ಶೇ 18 ಜಿಎಸ್‌ಟಿ 1,45,800. ಒಟ್ಟು 9,55,800. ಈ ತೆರಿಗೆ ನಮಗೆ ವಾಪಸ್ ಬರುವುದಿಲ್ಲ. ಮನೆಗೆ ತಿಂಗಳಿಗೆ 7,500 ರೂಪಾಯಿವರೆಗಿನ ಮೇಂಟೆನೆನ್ಸ್‌ಗೆ ಜಿಎಸ್‌ಟಿ ವಿನಾಯಿತಿ ಇದೆ. ನಾವು ಸದಸ್ಯರಿಂದ ಜಿಎಸ್‌ಟಿ ವಸೂಲು ಮಾಡುವುದಿಲ್ಲ, ಹಾಗಾಗಿ ಕೊಟ್ಟದ್ದನ್ನು ಹೊಂದಿಸಿಕೊಳ್ಳುವ ದಾರಿಯೂ ಇಲ್ಲ. ಕೊಟೇಶನ್ ಹೋಲಿಸುವಾಗ ಒಬ್ಬರದು ತೆರಿಗೆ ಸೇರಿಸಿ, ಇನ್ನೊಬ್ಬರದು ತೆರಿಗೆ ಬಿಟ್ಟು ಇದ್ದರೆ ಲೆಕ್ಕವೇ ತಲೆಕೆಳಗು. ‘ಜಿಎಸ್‌ಟಿ ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ಕೊಡ್ತೀನಿ ಸಾರ್’ ಎಂಬ ಮಾತು ಬಂದೇ ಬರುತ್ತದೆ. ಬಿಲ್ ಇಲ್ಲದ ಕೆಲಸಕ್ಕೆ ಗ್ಯಾರಂಟಿ ಪತ್ರವೂ ಇರುವುದಿಲ್ಲ, ಆಡಿಟರ್ ಮುಂದೆ ಇಡಲು ವೋಚರೂ ಇರುವುದಿಲ್ಲ.

ಬಿಲ್ಲಿನ ಹಣವನ್ನು ಪೂರ್ತಿ ಕೊಡಲಿಲ್ಲ, ಮತ್ತು ಇದನ್ನು ಅಧ್ಯಕ್ಷರು ಹೆಮ್ಮೆಯಿಂದಲೇ ಹೇಳಬಹುದು. ಗುತ್ತಿಗೆದಾರರು ಕಂಪನಿಯಾದ್ದರಿಂದ 8,10,000ಕ್ಕೆ ಶೇ 2, ಅಂದರೆ 16,200 ಟಿಡಿಎಸ್ ಕಡಿದು ಸರ್ಕಾರಕ್ಕೆ ಕಟ್ಟಿದೆವು. ಒಂದು ಬಿಲ್ 30,000 ದಾಟಿದರೆ, ಅಥವಾ ವರ್ಷದ ಒಟ್ಟು 1 ಲಕ್ಷ ದಾಟಿದರೆ ಇದು ಕಡ್ಡಾಯ; ಗುತ್ತಿಗೆದಾರ ಒಬ್ಬ ವ್ಯಕ್ತಿಯಾಗಿದ್ದರೆ ದರ ಶೇ 1. ಬಹಳ ಸಂಘಗಳು ಇದನ್ನು ಕಡೆಗಣಿಸಿ ಆಮೇಲೆ ನೋಟಿಸ್ ಬಂದಾಗ ಕಣ್ಣು ಬಿಡುತ್ತವೆ. ಮತ್ತೆ ಕೆಲಸದ ಮೊತ್ತದ ಶೇ 10, ಅಂದರೆ 81,000 ರೂಪಾಯಿಯನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿದೆವು. ಕೆಲಸ ಫೆಬ್ರವರಿಯಲ್ಲಿ ಮಾಡಿಸಿದ್ದು, ಒಣ ಹವೆಯಲ್ಲಿ, ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಮೊದಲು. ಆದರೆ ಬೆಂಗಳೂರಿನಲ್ಲಿ ಹೆಚ್ಚಿನ ಮಳೆ ಬೀಳುವುದು ಸೆಪ್ಟೆಂಬರ್ ಅಕ್ಟೋಬರಿನಲ್ಲಿ. ಮೇ ತಿಂಗಳ ಎರಡು ಮಳೆಗೆ ಸೋರಲಿಲ್ಲವೆಂದು ಪೂರ್ತಿ ಹಣ ಬಿಡುಗಡೆ ಮಾಡುವುದು ಅವಸರ.

ಮುಂದಿನದು ಸಮಿತಿಗಳು ಮುಚ್ಚಿಡಲು ಬಯಸುವ ಭಾಗ. ಇಷ್ಟೆಲ್ಲ ಮಾಡಿದ ಮೇಲೂ ಜೂನ್‌ನಲ್ಲಿ ಒಂದು ಮನೆಯ ಮೂಲೆಯಲ್ಲಿ ಒದ್ದೆ ಕಾಣಿಸಿತು ಎಂದಿಟ್ಟುಕೊಳ್ಳಿ. ನೋಡಿದರೆ ಕೋಟಿಂಗ್ ಮುಗಿದ ಮೇಲೆ ಒಬ್ಬರು ಹೊಸ ಡಿಶ್ ಆಂಟೆನಾ ಕೂರಿಸಲು ನಾಲ್ಕು ತೂತು ಕೊರೆಸಿದ್ದಾರೆ. ಗುತ್ತಿಗೆದಾರರ ಗ್ಯಾರಂಟಿ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದೆ, ಕೊರೆದರೆ ಗ್ಯಾರಂಟಿ ಇಲ್ಲ. ಇಂಥದನ್ನು ಸಭೆಯಲ್ಲಿ ಹೇಳುವಾಗ ಮನೆ ನಂಬರ್ ಹೇಳಬೇಕಾಗಿಲ್ಲ. ಹೀಗೆ ಹೇಳಿದರೆ ಸಾಕು:

“ಮಾನ್ಯರೇ, ತಾರಸಿ ಕೆಲಸ ಮುಗಿದಿದೆ, ಆದರೆ ಒಂದು ಮೂಲೆಯಲ್ಲಿ ಇನ್ನೂ ಒದ್ದೆ ಇದೆ. ಕಾರಣ ಗೊತ್ತಾಗಿದೆ, ಕೆಲಸದ ನಂತರ ಕೊರೆದ ತೂತು. ಅದನ್ನು ಮುಚ್ಚಿಸುವ ಖರ್ಚು ಕೊರೆಸಿದವರದು, ಅವರೂ ಒಪ್ಪಿದ್ದಾರೆ. ಗುತ್ತಿಗೆದಾರರಿಗೆ 81,000 ಇನ್ನೂ ಕೊಡಬೇಕು. ಅಕ್ಟೋಬರ್ ಮುಗಿದ ಮೇಲೆ ಇನ್ನೊಮ್ಮೆ ನೀರು ನಿಲ್ಲಿಸಿ ನೋಡಿ ಕೊಡುತ್ತೇವೆ. ಇನ್ನು ಮುಂದೆ ತಾರಸಿಯಲ್ಲಿ ಏನೇ ಕೂರಿಸುವುದಿದ್ದರೂ ಕಾಂಕ್ರೀಟ್ ದಿಮ್ಮಿಯ ಮೇಲೆ ಕೂರಿಸಿ, ಕೊರೆಯಬೇಡಿ.”

ರಿಪೇರಿಯ ಮಾತು ಇಲ್ಲಿಗೆ ಸಾಕು. ಲಿಫ್ಟಿನ ರೋಪ್, ಎಸ್‌ಟಿಪಿ ಬ್ಲೋವರ್, ಬೋರ್‌ವೆಲ್ ಮೋಟರ್ ಇವುಗಳಿಗೆ ತಲಾ ಒಂದು ವಾಕ್ಯ ಹೇಳಿ ಮುಂದೆ ಹೋಗಬಹುದು. ವಿವರ ಕಾರ್ಯದರ್ಶಿಯ ವರದಿಯಲ್ಲಿ ಇದ್ದೇ ಇರುತ್ತದೆ.

ಹಣಕಾಸಿಗೆ ಬಂದರೆ ಬಹುತೇಕ ಅಧ್ಯಕ್ಷರು ಎಡವುವುದು ಒಂದೇ ಜಾಗದಲ್ಲಿ. ‘ಈ ವರ್ಷ ಸಂಘಕ್ಕೆ ಎರಡು ಲಕ್ಷಕ್ಕೂ ಮಿಕ್ಕಿ ಉಳಿತಾಯ ಆಗಿದೆ’ ಎಂದು ಸಂತೋಷದಿಂದ ಘೋಷಿಸಿಬಿಡುತ್ತಾರೆ. ಸಭೆ ಚಪ್ಪಾಳೆ ಹೊಡೆಯುತ್ತದೆ, ಹಿಂದಿನ ಸಾಲಿನಿಂದ ‘ಹಾಗಾದ್ರೆ ಮೇಂಟೆನೆನ್ಸ್ ಕಮ್ಮಿ ಮಾಡಿ’ ಎಂಬ ಕೂಗು ಏಳುತ್ತದೆ. ನಮ್ಮ ಉದಾಹರಣೆಯಲ್ಲಿ ಆ ಎರಡು ಲಕ್ಷ ಎಲ್ಲಿಂದ ಬಂತು ನೋಡಿ. ವರ್ಷದಲ್ಲಿ ಬಿಲ್ ಮಾಡಿದ್ದು 34,56,000. ತಾರಸಿ ಬಿಟ್ಟು ದಿನನಿತ್ಯದ ಖರ್ಚು, ಅಂದರೆ ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಕರೆಂಟು, ನೀರು, ಲಿಫ್ಟ್ ಎಎಂಸಿ, ಜನರೇಟರ್ ಡೀಸೆಲ್, ಎಸ್‌ಟಿಪಿ, ಆಡಿಟ್, ವಿಮೆ ಎಲ್ಲ ಸೇರಿ 32,40,000. ವ್ಯತ್ಯಾಸ 2,16,000. ಆದಾಯ–ವೆಚ್ಚದ ಪಟ್ಟಿಯಲ್ಲಿ ಇದು ಮಿಗತೆ ಎಂದೇ ಬರುತ್ತದೆ, ಆಡಿಟರ್ ಬರೆದದ್ದರಲ್ಲಿ ತಪ್ಪಿಲ್ಲ. ಆದರೆ ಆ ಪಟ್ಟಿ ಲೆಕ್ಕ ಹಾಕುವುದು ಬಿಲ್ ಮಾಡಿದ್ದನ್ನು, ಕೈಗೆ ಬಂದದ್ದನ್ನಲ್ಲ. ಕೈಗೆ ಬಂದದ್ದು 33,00,000. ಖರ್ಚು ಕಳೆದರೆ ನಿಜವಾಗಿ ಉಳಿದದ್ದು 60,000. ಉಳಿದ 1,56,000 ಸದಸ್ಯರ ಬಾಕಿಯಾಗಿ ಕಾಗದದಲ್ಲಿದೆ.

ಬಾಕಿಯನ್ನೂ ಬಿಡಿಸಿ ಹೇಳುವ ಒಂದು ಬಗೆಯಿದೆ. ವರ್ಷದ ಆರಂಭದಲ್ಲಿ 1,50,000 ಇದ್ದ ಬಾಕಿ ಮಾರ್ಚ್ 31ಕ್ಕೆ 3,06,000 ಆಯಿತು. ಇಷ್ಟು ಮಾತ್ರ ಹೇಳಿದರೆ ಅರವತ್ತೂ ಮನೆಯವರು ಒಬ್ಬರನ್ನೊಬ್ಬರು ಸಂಶಯದಿಂದ ನೋಡುತ್ತಾರೆ. ಬಾಕಿಗೆ ವಯಸ್ಸು ಹಾಕಿ ನೋಡಿದಾಗ ಬೇರೆಯೇ ಚಿತ್ರ ಕಾಣುತ್ತದೆ. ಮೂರು ಮನೆಗಳು ವರ್ಷಪೂರ್ತಿ ಒಂದು ರೂಪಾಯಿಯೂ ಕಟ್ಟಿಲ್ಲ. ಮನೆಗೆ 57,600ರಂತೆ ಅವರದೇ 1,72,800. ಉಳಿದ ಐವತ್ತೇಳು ಮನೆಗಳ ಬಾಕಿ 1,33,200. ಅಂದರೆ ಅವರು ಕಳೆದ ವರ್ಷಕ್ಕಿಂತ ಸ್ವಲ್ಪ ಚೆನ್ನಾಗಿಯೇ ಕಟ್ಟಿದ್ದಾರೆ. ಸಮಸ್ಯೆ ಇರುವುದು ಮೂರು ಬಾಗಿಲುಗಳಲ್ಲಿ. ಒಂದು ಮನೆಯವರು ವಿದೇಶದಲ್ಲಿರಬಹುದು, ಇನ್ನೊಂದು ಮನೆ ಅಣ್ಣತಮ್ಮಂದಿರ ವ್ಯಾಜ್ಯದಲ್ಲಿರಬಹುದು, ಮೂರನೆಯವರು ಪಾರ್ಕಿಂಗ್ ಜಗಳದ ಕೋಪದಲ್ಲಿ ಕಟ್ಟುವುದನ್ನೇ ನಿಲ್ಲಿಸಿರಬಹುದು. ಮೂವರಿಗೂ ಬೇರೆ ಬೇರೆ ದಾರಿ ಬೇಕು. ಹೆಸರು ಓದಿ ಅವಮಾನ ಮಾಡುವುದರಿಂದ, ನೀರು ನಿಲ್ಲಿಸುತ್ತೇವೆಂದು ಹೆದರಿಸುವುದರಿಂದ ಹಣ ಬಂದದ್ದಕ್ಕಿಂತ ಸಂಘ ಪೊಲೀಸ್ ಠಾಣೆ ಮೆಟ್ಟಿಲು ಹತ್ತಿದ್ದೇ ಹೆಚ್ಚು. ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಘೋಷಣಾಪತ್ರ ನೋಂದಾಯಿಸಿದ ಕಟ್ಟಡದಲ್ಲಿ ಕಟ್ಟದೆ ಉಳಿಸಿಕೊಂಡ ಪಾಲು ಆ ಮನೆಯ ಮೇಲಿನ ಋಣಭಾರವಾಗುತ್ತದೆ. ಮನೆ ಮಾರುವ ದಿನ ಅದು ತಾನಾಗಿಯೇ ಎದುರಿಗೆ ಬಂದು ನಿಲ್ಲುತ್ತದೆ. ಈ ಒಂದು ಮಾತನ್ನು ಶಾಂತವಾಗಿ ಹೇಳಿದರೆ ಕೇಳಬೇಕಾದವರಿಗೆ ಕೇಳಿಸುತ್ತದೆ.

ಇನ್ನು ಬ್ಯಾಂಕ್ ಬ್ಯಾಲೆನ್ಸ್. ಭಾಷಣದ ತಿರುಳು ನನ್ನ ಲೆಕ್ಕದಲ್ಲಿ ಇದೇ. ಎಫ್‌ಡಿಯಲ್ಲಿದ್ದ 30,00,000 ರೂಪಾಯಿ ಸಿಂಕಿಂಗ್ ಫಂಡ್‌ನಿಂದ ತಾರಸಿಗಾಗಿ 9,00,000 ಮುರಿಸಿದೆವು. ಟಿಡಿಎಸ್ ಸೇರಿ ಸಂದಾಯವಾದದ್ದು 8,74,800. ಮಿಕ್ಕ 25,200 ಉಳಿತಾಯ ಖಾತೆಯಲ್ಲಿದೆ. ಆ ಖಾತೆಯಲ್ಲಿ ವರ್ಷದ ಆರಂಭದಲ್ಲಿ 8,00,000 ಇತ್ತು, ನಿಜವಾಗಿ ಉಳಿದ 60,000 ಸೇರಿತು, ಈ 25,200 ಸೇರಿತು. ಮಾರ್ಚ್ 31ರಂದು ಪಾಸ್‌ಬುಕ್ಕಿನಲ್ಲಿ 8,85,200.

ಒಂಬತ್ತು ಲಕ್ಷದ ಹತ್ತಿರ ಇದೆಯಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಅದರಲ್ಲಿ 2,40,000 ಸದಸ್ಯರು ಮುಂಗಡವಾಗಿ ಕಟ್ಟಿದ ಮೇಂಟೆನೆನ್ಸ್. ಮುಂದಿನ ತಿಂಗಳುಗಳ ಸೇವೆಯನ್ನು ನಾವು ಅವರಿಗೆ ಕೊಡಬೇಕು. 1,50,000 ಮನೆಯೊಳಗೆ ಇಂಟೀರಿಯರ್ ಕೆಲಸ ಮಾಡಿಸುವವರಿಂದ ತೆಗೆದುಕೊಂಡ ಠೇವಣಿ. ಕೆಲಸ ಮುಗಿದ ಮೇಲೆ ವಾಪಸ್ ಕೊಡಬೇಕು. 81,000 ತಾರಸಿ ಗುತ್ತಿಗೆದಾರರದು. ಈ ಮೂರನ್ನೂ ಕಳೆದರೆ ಉಳಿಯುವುದು 4,14,200. ತಿಂಗಳ ಖರ್ಚು 2,70,000. ಅಂದರೆ ನಾಳೆಯಿಂದ ಯಾರೂ ಮೇಂಟೆನೆನ್ಸ್ ಕಟ್ಟದಿದ್ದರೆ ಸಂಘ ನಡೆಯುವುದು ಒಂದೂವರೆ ತಿಂಗಳು. ಕೈತುಂಬ ಹಣವಿದೆ ಎಂಬ ಭ್ರಮೆಯೂ ಬೇಡ, ದಿವಾಳಿ ಎಂಬ ಗಾಬರಿಯೂ ಬೇಡ. ಇದ್ದ ಸಂಗತಿಯನ್ನು ಅಧ್ಯಕ್ಷರು ಹೀಗೆ ಹೇಳಬಹುದು:

“ಬ್ಯಾಂಕಿನಲ್ಲಿ 8,85,200 ಇದೆ. ಅದರಲ್ಲಿ 4,71,000 ಬೇರೆಯವರದು, ನಮ್ಮ ಬಳಿ ಇಟ್ಟಿರುವುದು ಅಷ್ಟೆ. ನಮ್ಮದು 4,14,200. ಆಡಿಟ್ ವರದಿಯಲ್ಲಿ ಮಿಗತೆ ಎಂದು ಕಾಣುವ 2,16,000ರಲ್ಲಿ 1,56,000 ಇನ್ನೂ ವಸೂಲಾಗಬೇಕು. ಹಾಗಾಗಿ ಈ ವರ್ಷ ಮೇಂಟೆನೆನ್ಸ್ ಇಳಿಸುವ ಪ್ರಸ್ತಾಪವನ್ನು ಸಮಿತಿ ತಂದಿಲ್ಲ.”

ಎಫ್‌ಡಿ ಬಡ್ಡಿಯನ್ನು ಈ ಲೆಕ್ಕದಿಂದ ಬೇಕೆಂದೇ ಹೊರಗಿಟ್ಟಿದ್ದೇನೆ. ಅದರ ಕಥೆ ಬೇರೆ, ಆ ಕಥೆಗೆ ನಮ್ಮ ಊರಿನ ನಂಟೂ ಇದೆ. ಸದಸ್ಯರೇ ಕೊಟ್ಟು ಸದಸ್ಯರಿಗೇ ಖರ್ಚು ಮಾಡುವ ಹಣ ಆದಾಯವಲ್ಲ ಎಂಬ ತತ್ವದ ಮೇಲೆ ಮೇಂಟೆನೆನ್ಸ್ ವಂತಿಗೆಗೆ ಆದಾಯ ತೆರಿಗೆ ಬೀಳುವುದಿಲ್ಲ. ಬ್ಯಾಂಕ್ ಬಡ್ಡಿಗೂ ಅದೇ ತತ್ವ ಅನ್ವಯಿಸುತ್ತದೆಂದು ಬೆಂಗಳೂರು ಕ್ಲಬ್ ವಾದಿಸಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಹಣ ಬ್ಯಾಂಕಿಗೆ ಹೋಗಿ ಹೊರಗಿನವರಿಗೆ ಸಾಲವಾದ ಮೇಲೆ ಸದಸ್ಯರ ಒಳಗಿನ ವ್ಯವಹಾರ ಎಂಬ ಮಾತು ಉಳಿಯುವುದಿಲ್ಲ ಎಂದಿತು. ಹಾಗಾಗಿ ಸಂಘದ ಎಫ್‌ಡಿ ಬಡ್ಡಿ ತೆರಿಗೆಗೆ ಒಳಪಡುತ್ತದೆ. ‘ನಾವು ಲಾಭದ ಸಂಸ್ಥೆ ಅಲ್ಲ, ರಿಟರ್ನ್ಸ್ ಯಾಕೆ?’ ಎನ್ನುವ ಸಮಿತಿಗಳು ಈಗಲೂ ಇವೆ.

ಉಳಿದಿರುವುದು ಮುಂದಿನ ವರ್ಷದ ಮಾತು. ಸಿಂಕಿಂಗ್ ಫಂಡ್ 30 ಲಕ್ಷದಿಂದ 21 ಲಕ್ಷಕ್ಕೆ ಇಳಿದಿದೆ. ಅದನ್ನು ಮತ್ತೆ ತುಂಬಬೇಕೋ ಬೇಡವೋ ಎಂಬುದು ಸಭೆಯ ತೀರ್ಮಾನ. ಆದರೆ ತೀರ್ಮಾನಕ್ಕೆ ಬೇಕಾದ ಅಂಕಿಯನ್ನು ಅಧ್ಯಕ್ಷರೇ ಮುಂದಿಡಬೇಕು. ಮೂರು ವರ್ಷದಲ್ಲಿ ಹೊರಗೋಡೆಗೆ ಬಣ್ಣ ಹೊಡೆಸಬೇಕು, ಅದಕ್ಕೆ 15 ಲಕ್ಷ ಬೇಕಾಗಬಹುದು ಎಂದಿಟ್ಟುಕೊಳ್ಳಿ. ಮೂವತ್ತಾರು ತಿಂಗಳು, ಅರವತ್ತು ಮನೆ: ಮನೆಗೆ ತಿಂಗಳಿಗೆ ಸುಮಾರು 700 ರೂಪಾಯಿ. ‘ಸಿಂಕಿಂಗ್ ಫಂಡ್ ಬಲಪಡಿಸಬೇಕು’ ಎಂದರೆ ಯಾರೂ ಕೈ ಎತ್ತುವುದಿಲ್ಲ. ‘ತಿಂಗಳಿಗೆ 700 ಈಗಿನಿಂದ ಕೊಡುತ್ತೀರಾ, ಮೂರು ವರ್ಷ ಬಿಟ್ಟು ಒಂದೇ ಸಲ 25,000 ಕೊಡುತ್ತೀರಾ?’ ಎಂದು ಕೇಳಿದರೆ ಜನ ಲೆಕ್ಕ ಹಾಕುತ್ತಾರೆ. ಬಾಡಿಗೆಗೆ ಕೊಟ್ಟಿರುವ ಮಾಲೀಕರು ಎರಡನೆಯದನ್ನೇ ಆರಿಸುವುದೂ ಉಂಟು. ಮೂರು ವರ್ಷದೊಳಗೆ ಮನೆ ಮಾರಿ ಹೋಗುವ ಆಲೋಚನೆ ಅವರದು. ಅದನ್ನು ಬಲ್ಲವರು ಈಗಲೇ ಕೇಳಿಬಿಡುವುದು ಒಳ್ಳೆಯದು.

ಭಾಷೆಯ ಬಗ್ಗೆ ಒಂದು ಮಾತು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ತಮಿಳು, ತೆಲುಗು, ಮಲಯಾಳಂ, ಹಿಂದಿ ಮನೆಮಾತಿನವರು ಜೊತೆಗಿರುತ್ತಾರೆ, ಅಧ್ಯಕ್ಷರು ಕನ್ನಡದಲ್ಲಿ ನಮಸ್ಕಾರ ಹೇಳಿ ಇಂಗ್ಲಿಷಿಗೆ ಜಾರಿಬಿಡುತ್ತಾರೆ. ಮುಖ್ಯ ಅಂಕಿಗಳನ್ನು ಒಂದು ಹಾಳೆಯಲ್ಲಿ ಎರಡೂ ಭಾಷೆಯಲ್ಲಿ ಅಚ್ಚು ಹಾಕಿಸಿ ಮೊದಲೇ ಹಂಚಿದರೆ ಭಾಷಣವನ್ನು ಧಾರಾಳವಾಗಿ ಕನ್ನಡದಲ್ಲೇ ಮಾಡಬಹುದು. ಅಂಕಿ ಕೈಯಲ್ಲಿದ್ದವರು ಕಿವಿಗೊಟ್ಟೇ ಕೇಳುತ್ತಾರೆ, ಇದು ನಾನು ಕಂಡದ್ದು.

ಸಭೆ ಮುಗಿದ ಮೇಲೂ ಕೆಲಸವಿದೆ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘವಾದರೆ ಮಹಾಸಭೆಯಾದ 14 ದಿನದೊಳಗೆ ಹೊಸ ಸಮಿತಿಯ ಪಟ್ಟಿ, ಲೆಕ್ಕಪತ್ರಗಳನ್ನು ರಿಜಿಸ್ಟ್ರಾರ್ ಕಚೇರಿಗೆ ಸಲ್ಲಿಸಬೇಕು. ಹಲವು ಸಂಘಗಳಲ್ಲಿ ವರ್ಷಗಟ್ಟಲೆ ಇದು ಆಗಿರುವುದಿಲ್ಲ. ಬ್ಯಾಂಕಿನವರು ಸಹಿದಾರರ ಬದಲಾವಣೆಗೆ ಪಟ್ಟಿ ಕೇಳಿದ ದಿನ ಗೊತ್ತಾಗುತ್ತದೆ. ಕಳೆದ ವರ್ಷದ್ದು ಸಲ್ಲಿಸಿದ್ದೇವೆ, ಸ್ವೀಕೃತಿ ಇಲ್ಲಿದೆ ಎಂದು ಅಧ್ಯಕ್ಷರು ತೋರಿಸಿದರೆ ಒಳ್ಳೆಯದು.

ನಿಮ್ಮ ಕಟ್ಟಡದ ನೋಟಿಸ್ ಬೋರ್ಡಿನಲ್ಲಿ ಈ ವರ್ಷದ ಸಭೆಯ ತಾರೀಖು ಬಂದಿದ್ದರೆ, ಲೆಕ್ಕಪತ್ರದ ಪ್ರತಿಯನ್ನು ಮೊದಲೇ ಕೇಳಿ ಪಡೆಯಿರಿ. ‘ಇತರೆ ಖರ್ಚು’ ಸಾಲನ್ನು ಬಿಟ್ಟುಬಿಡಿ. ಮಾರ್ಚ್ 31ರಂದು ಬ್ಯಾಂಕಿನಲ್ಲಿದ್ದ ಹಣದಲ್ಲಿ ವಾಪಸ್ ಕೊಡಬೇಕಾದದ್ದು ಎಷ್ಟು ಎಂದು ಬರವಣಿಗೆಯಲ್ಲಿ ಕೇಳಿ. ಉತ್ತರ ಸಿದ್ಧಪಡಿಸಲು ಅಧ್ಯಕ್ಷರಿಗೂ ಒಂದು ವಾರ ಸಿಗುತ್ತದೆ.